ಫೋಟೊದಲ್ಲಿ ಸ್ಟಿಕರ್ ಅಳಿಸಿದರೆ ಮೆಟಲ್‌ನ ಗೀರುಗಳೂ ಹೋಗುತ್ತವೆ, ಏನು ಮಾಡಲಿ?

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ಹಳೇ ಲ್ಯಾಪ್‌ಟಾಪ್ ಮಾರುತ್ತೇನೆ. ಒಂದರ ಮುಚ್ಚಳದ ಮೇಲೆ ಕಾಲೇಜಿನ ಸ್ಟಿಕರ್ ಇತ್ತು. ಈಗ ಕಿತ್ತಿದ್ದೇನೆ, ಕೆಳಗೆ ಕಲೆಯಿಲ್ಲ. ಆದರೆ ಒಳ್ಳೇ ಫೋಟೊ ಮೊದಲೇ ತೆಗೆದಿದ್ದೆ. ಗಿಂಪ್‌ನ ಹೀಲ್ ಟೂಲ್‌ನಿಂದ ಅಳಿಸಿದರೆ ಅಲ್ಲಿ ಒದ್ದೆ ಬಟ್ಟೆ ತಿಕ್ಕಿದ ಹಾಗೆ ಕಾಣುತ್ತದೆ.

ಉತ್ತರ: ಹೀಲ್ ಟೂಲ್ ದುಂಡನೆಯ ಚೂರುಗಳನ್ನು ತಂದು ಸುತ್ತಲಿನ ಬಣ್ಣಕ್ಕೆ ಬೆರೆಸುತ್ತದೆ. ನಿಮ್ಮ ಮುಚ್ಚಳದ ಗೀರುಗಳೋ ಎಡದಿಂದ ಬಲಕ್ಕೆ ಉದ್ದಕ್ಕೆ ಓಡುತ್ತವೆ. ಚೂರು ಚೂರಾಗಿ ತಂದರೆ ಅವು ತುಂಡಾಗುತ್ತವೆ. ಇನ್ನೊಂದು ತೊಡಕು ಬೆಳಕಿನದು. ಇಂಥ ಮೆಟಲ್ ಮೇಲೆ ಬೆಳಕು ಗೀರಿಗೆ ಅಡ್ಡವಾಗಿ ಹರಡುತ್ತದೆ. ನಿಮ್ಮ ಫೋಟೊದಲ್ಲೂ ಟ್ಯೂಬ್‌ಲೈಟಿನ ಬಿಳಿ ಪಟ್ಟೆ ಮೇಲಿಂದ ಕೆಳಗೆ ಸ್ಟಿಕರನ್ನು ಹಾದು ಹೋಗಿದೆ, ಅಲ್ವಾ? ಹಾಗಾಗಿ ಗೀರನ್ನು ಪಕ್ಕದಿಂದ ತರಬೇಕು, ಬೆಳಕನ್ನು ಮೇಲಿಂದ ತರಬೇಕು. ಅದಕ್ಕೆ ಎರಡನ್ನೂ ಬೇರೆ ಮಾಡಿಕೊಳ್ಳಬೇಕು.

ಗೀರು ಓರೆಯಾಗಿದ್ದರೆ ಮೊದಲು ಫೋಟೊ ತಿರುಗಿಸಿ ಮಟ್ಟ ಮಾಡಿ. ಲೇಯರಿನ ಒಂದು ಪ್ರತಿ ತೆಗೆದು ಅದಕ್ಕೆ Gaussian Blur 12 ಪಿಕ್ಸೆಲ್ ಕೊಡಿ. ಅದರ ಮೋಡ್ Grain extract ಮಾಡಿ, New from Visible ಒತ್ತಿ. ಬೂದು ಬಣ್ಣದ ಹೊಸ ಲೇಯರಿನಲ್ಲಿ ಬರೀ ಗೀರುಗಳು ಸಿಗುತ್ತವೆ. ಈಗ ಮಸುಕು ಲೇಯರನ್ನು Normal ಮಾಡಿ, ಗೀರಿನ ಲೇಯರನ್ನು ಅದರ ಮೇಲಿಟ್ಟು Grain merge ಕೊಡಿ. ಫೋಟೊ ಮೊದಲಿನ ಹಾಗೇ ಕಾಣಬೇಕು. ಕಾಣದಿದ್ದರೆ ಮುಂದೆ ಹೋಗಬೇಡಿ, ಮೋಡ್ ತಪ್ಪಿದೆ.

ಸ್ಟಿಕರ್ ಸುತ್ತ ಚೌಕವಾಗಿ ಸೆಲೆಕ್ಟ್ ಮಾಡುವಾಗ ಎಲ್ಲಾ ಕಡೆ 40 ಪಿಕ್ಸೆಲ್ ಜಾಸ್ತಿ ಹಿಡಿಯಿರಿ. ಮಸುಕು ಮಾಡಿದಾಗ ಸ್ಟಿಕರಿನ ಬಣ್ಣ ಅಂಚಿನಾಚೆಗೂ ಹರಡಿರುತ್ತದೆ. ಅಷ್ಟು ಬಿಡದಿದ್ದರೆ ಸ್ಟಿಕರ್ ಹೋದರೂ ಅದರ ನೆರಳು ಉಳಿಯುತ್ತದೆ.

ಮಸುಕು ಲೇಯರಿನಲ್ಲಿ, ಸೆಲೆಕ್ಟ್ ಮಾಡಿದ ಜಾಗದ ಸರಿಯಾಗಿ ಮೇಲೆ, ಅಷ್ಟೇ ಅಗಲದ 30 ಪಿಕ್ಸೆಲ್ ಎತ್ತರದ ಪಟ್ಟಿ ಕಾಪಿ ಮಾಡಿ. Paste in Place ಮಾಡಿ, Scale ಟೂಲ್‌ನಿಂದ ಅಗಲ ಬದಲಿಸದೆ ಕೆಳಕ್ಕೆ ಹಿಗ್ಗಿಸಿ ಸ್ಟಿಕರ್ ಮುಚ್ಚಿ. ಬಿಳಿ ಪಟ್ಟೆ ತಾನಾಗಿ ಕೂಡಿಕೊಳ್ಳುತ್ತದೆ. ಕೆಳಗಿನ ಅಂಚು ಗಾಢವಾಗಿದ್ದರೆ ಕೆಳಗಿಂದಲೂ ಇಂಥದ್ದೇ ಪಟ್ಟಿ ತಂದು, ಗ್ರೇಡಿಯೆಂಟ್ ಮಾಸ್ಕ್ ಹಾಕಿ ಎರಡನ್ನೂ ಬೆರೆಸಿ. ಈ ಪಟ್ಟಿಗಳು ಗೀರಿನ ಲೇಯರಿನ ಕೆಳಗೇ ಇರಬೇಕು.

ಗೀರಿನ ಲೇಯರಿನಲ್ಲಿ ಎಡಪಕ್ಕದ ತುಂಡನ್ನು ಕಾಪಿ ಮಾಡಿ ಬಲಕ್ಕೆ ಸರಿಸಿ. ಆ್ಯರೋ ಕೀ ಬಳಸಿ, ಒಂದು ಪಿಕ್ಸೆಲ್ ಕೂಡ ಮೇಲೆ ಕೆಳಗೆ ಮಾಡಬೇಡಿ. ಅರ್ಧ ಎಡದಿಂದ, ಅರ್ಧ ಬಲದಿಂದ ತಂದರೆ ಒಳ್ಳೆಯದು. ಒಂದೇ ಕಡೆಯಿಂದ ತಂದರೆ ಎದ್ದು ಕಾಣುವ ಗೀರೊಂದು ಎರಡು ಸಲ ಬಂದು ಕಣ್ಣಿಗೆ ಹೊಡೆಯುತ್ತದೆ. ತುಂಡುಗಳು ಸೇರುವ ಜಾಗದಲ್ಲಿ ಅಂಚನ್ನು ಮೆತ್ತಗೆ ಒರೆಸಿ, ಆಮೇಲೆ Merge Down ಮಾಡಿ ಅವನ್ನು ಗೀರಿನ ಲೇಯರಿಗೇ ಸೇರಿಸಿ.

ಕೊನೆಗೆ ಎಲ್ಲಕ್ಕೂ ಮೇಲಿನ ಲೇಯರ್ ಆರಿಸಿ New from Visible ಒತ್ತಿ, ಆ ಹೊಸ ಲೇಯರಿನಲ್ಲಿ Curves ತೆಗೆದು ಗೆರೆಯನ್ನು ಸುಮ್ನೆ ಕಡಿದಾಗಿ ಎತ್ತಿ ನೋಡಿ. ಚೌಕದ ಗುರುತು ಉಳಿದಿದ್ದರೆ ತಕ್ಷಣ ಕಾಣುತ್ತದೆ. ಬೆಳಕಿನ ಗುರುತಾದರೆ ಪಟ್ಟಿಯನ್ನು ತಿದ್ದಿ, ತುಂಡಾದ ಗೀರಾದರೆ ಗೀರಿನ ಲೇಯರನ್ನು. ನೋಡಿದ ಮೇಲೆ Cancel ಒತ್ತಿ, ಆ ಹೊಸ ಲೇಯರನ್ನು ಅಳಿಸಿ.

ಇದೆಲ್ಲಾ ಕ್ಯಾಮೆರಾದ ಮೂಲ ಫೈಲಿನ ಮೇಲೇ ಮಾಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದ್ದರೆ ಸಣ್ಣ ಗೀರುಗಳು ಅಲ್ಲೇ ಕಳೆದಿರುತ್ತವೆ, ಪಕ್ಕದಿಂದ ತರಲು ಏನೂ ಇರುವುದಿಲ್ಲ.