ಬ್ಯಾಲೆನ್ಸಿಂಗ್ ರೋಬೋಟ್ ನಾಲ್ಕು ಸೆಕೆಂಡ್ ನಿಂತು ಓಡಿಹೋಗುವುದು ಯಾಕೆ?

ಓದುಗರ ಪ್ರಶ್ನೆ: ಎರಡು ಚಕ್ರದ ಬ್ಯಾಲೆನ್ಸಿಂಗ್ ರೋಬೋಟ್ ಮಾಡಿದ್ದೇನೆ. ಆರ್ಡುಯಿನೊ ನ್ಯಾನೊ, ಎಂಪಿಯು-6050 ಸೆನ್ಸರ್, ಎನ್‌ಕೋಡರ್ ಇರುವ ಎರಡು ಗೇರ್ ಮೋಟರ್, 65 ಮಿಲಿಮೀಟರ್ ಚಕ್ರ. ಕೈ ಬಿಟ್ಟರೆ ಮೂರು ನಾಲ್ಕು ಸೆಕೆಂಡ್ ಚೆನ್ನಾಗಿ ನಿಲ್ಲುತ್ತದೆ. ಆಮೇಲೆ ಒಂದೇ ದಿಕ್ಕಿಗೆ ಓಡಲು ಶುರು ಮಾಡಿ, ವೇಗ ಹೆಚ್ಚುತ್ತಾ ಹೋಗಿ ಬಿದ್ದುಬಿಡುತ್ತದೆ. ಪಿಐಡಿ ಟ್ಯೂನ್ ಮಾಡಿ ಮಾಡಿ ಸಾಕಾಗಿದೆ. ಯಾವ ಗೇನ್ ತಪ್ಪಾಗಿದೆ?

ಉತ್ತರ: ಗೇನ್ ತಪ್ಪಾಗಿರಲಿಕ್ಕಿಲ್ಲ. ನಾಲ್ಕು ಸೆಕೆಂಡ್ ನಿಲ್ಲುತ್ತದೆ ಎಂದರೆ ನಿಮ್ಮ ಪಿಐಡಿ, ಅಂದರೆ ಕೋನದ ತಪ್ಪನ್ನು ಗೇನ್ ಎಂಬ ಗುಣಕಗಳಿಂದ ಗುಣಿಸಿ ಮೋಟರಿಗೆ ಎಷ್ಟು ಶಕ್ತಿ ಕೊಡಬೇಕೆಂದು ಹೇಳುವ ಲೆಕ್ಕ, ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಅದಕ್ಕೆ ನೀವು ಹೇಳಿರುವುದು ಒಂದೇ ಮಾತು, ‘ಓರೆಯಾಗಬೇಡ’ ಅಂತ. ‘ಓಡಬೇಡ’ ಅಂತ ಯಾರೂ ಹೇಳಿಲ್ಲ. ನೇರವಾಗಿ ನಿಂತುಕೊಂಡೇ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಹೋಗುತ್ತಿದ್ದರೂ ಕೋನ ಸೊನ್ನೆಯೇ ಅಲ್ವಾ? ಕೋನ ನೋಡುವ ಲೂಪಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಆ ನಾಲ್ಕು ಸೆಕೆಂಡಿನಲ್ಲಿ ಆಗುವುದನ್ನು ಲೆಕ್ಕ ಹಾಕೋಣ. ನಿಂತಂತೆ ಕಂಡರೂ ರೋಬೋಟ್ ಆಗಲೇ ಮೆಲ್ಲಗೆ ಓಡಲು ಶುರು ಮಾಡಿರುತ್ತದೆ. ಸೆನ್ಸರ್ ಬೋರ್ಡ್ ಚಾಸಿಗೆ ಸರಿಯಾಗಿ ಲಂಬವಾಗಿ ಕೂತಿರುವುದಿಲ್ಲ. ಬ್ಯಾಟರಿಯ ಭಾರವೂ ಅಚ್ಚಿನ ಮೇಲೆ ನಿಖರವಾಗಿ ಬಂದಿರುವುದಿಲ್ಲ. ಹೀಗಾಗಿ ಕೋಡ್ ‘ಸೊನ್ನೆ’ ಅಂದುಕೊಂಡ ಜಾಗಕ್ಕೂ ರೋಬೋಟ್ ನಿಜವಾಗಿ ಸಮತೂಕದಲ್ಲಿ ನಿಲ್ಲುವ ಜಾಗಕ್ಕೂ ಒಂದು ಡಿಗ್ರಿ ವ್ಯತ್ಯಾಸ ಇದೆ ಎಂದುಕೊಳ್ಳಿ. ಕೈಯಲ್ಲಿ ಜೋಡಿಸಿದ ರೋಬೋಟಿನಲ್ಲಿ ಒಂದು ಡಿಗ್ರಿ ಏನೂ ಅಲ್ಲ. ಒಂದು ಡಿಗ್ರಿ ಮುಂದಕ್ಕೆ ವಾಲಿಕೊಂಡೇ ಬೀಳದೆ ಇರಬೇಕಾದರೆ ಅದು ಮುಂದಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಲೇ ಇರಬೇಕು. ಎಷ್ಟು? 9.8 × tan 1°, ಅಂದರೆ ಪ್ರತಿ ಸೆಕೆಂಡಿಗೂ ವೇಗ 0.17 ಮೀಟರ್‌ನಷ್ಟು ಏರಬೇಕು.

ನಿಮ್ಮ ಮೋಟರ್ ಗೇರ್ ಆದಮೇಲೆ ನಿಮಿಷಕ್ಕೆ 200 ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, 65 ಮಿಲಿಮೀಟರ್ ಚಕ್ರದಲ್ಲಿ ಗರಿಷ್ಠ ವೇಗ ಸೆಕೆಂಡಿಗೆ 0.68 ಮೀಟರ್. 0.68 ಅನ್ನು 0.17ರಿಂದ ಭಾಗಿಸಿ. ನಾಲ್ಕು! ನಾಲ್ಕನೇ ಸೆಕೆಂಡಿಗೆ, ಸುಮಾರು 1.4 ಮೀಟರ್ ಓಡಿದ ಮೇಲೆ, ಮೋಟರಿನ ವೇಗ ಮುಗಿಯುತ್ತದೆ. ಅದಕ್ಕಿಂತ ಜೋರಾಗಿ ಚಕ್ರ ತಿರುಗಲಾರದು. ಆಗ ದೇಹದ ಕೆಳಗೆ ಚಕ್ರವನ್ನು ತಂದು ನಿಲ್ಲಿಸಲು ಆಗುವುದಿಲ್ಲ, ರೋಬೋಟ್ ಮೂತಿ ಅಡಿಯಾಗಿ ಬೀಳುತ್ತದೆ. ನಿಜವಾದ ಮೋಟರಿನಲ್ಲಿ ವೇಗ ಏರಿದಂತೆ ಬಲವೂ ಕಡಿಮೆಯಾಗುವುದರಿಂದ ಇನ್ನೂ ಸ್ವಲ್ಪ ಬೇಗ ಬೀಳಬಹುದು.

‘ಹಾಗಾದರೆ ಆ ಒಂದು ಡಿಗ್ರಿಯನ್ನು ಕೋಡಿನಲ್ಲಿ ತಿದ್ದಿದರೆ ಆಯ್ತಲ್ಲ’ ಎನ್ನಬಹುದು. ತಿದ್ದಿದರೆ ನಾಲ್ಕು ಸೆಕೆಂಡ್ ಎಂಟೋ ಹದಿನಾರೋ ಆಗುತ್ತದೆ, ಅಷ್ಟೇ. ಕಾಲು ಡಿಗ್ರಿ ಉಳಿದರೂ ಅದೇ ಕಥೆ ನಿಧಾನವಾಗಿ ನಡೆಯುತ್ತದೆ. ಬ್ಯಾಟರಿ ಸ್ವಲ್ಪ ಸರಿದರೆ ಮತ್ತೆ ಮೊದಲಿನಿಂದ ಶುರು.

ಇನ್ನೊಂದು ವಿಷಯವಿದೆ, ಇದನ್ನು ಹೆಚ್ಚಿನ ಟ್ಯುಟೋರಿಯಲ್‌ಗಳು ಹೇಳುವುದೇ ಇಲ್ಲ. ಈ ಓಟ ಎಂಪಿಯು-6050ಗೆ ಕಾಣುವುದೇ ಇಲ್ಲ. ಅದರೊಳಗಿನ ಆಕ್ಸಿಲರೋಮೀಟರ್ ಗುರುತ್ವವನ್ನು ಮಾತ್ರ ಅಳೆಯುವುದಿಲ್ಲ, ರೋಬೋಟಿನ ವೇಗ ಏರುವುದನ್ನೂ ಅದರ ಜೊತೆ ಸೇರಿಸಿ ಅಳೆಯುತ್ತದೆ. ರೋಬೋಟ್ ಒಂದು ಡಿಗ್ರಿ ವಾಲಿ, ಆ ವಾಲಿಕೆಗೆ ಸರಿಯಾಗಿ 0.17ರ ದರದಲ್ಲಿ ವೇಗ ಏರಿಸಿಕೊಳ್ಳುತ್ತಿದ್ದರೆ, ಎರಡೂ ಸೇರಿದ ಬಲ ರೋಬೋಟಿನ ಮೈಗುಂಟವೇ ಇರುತ್ತದೆ. ಆಗ ಆಕ್ಸಿಲರೋಮೀಟರ್ ತೋರಿಸುವ ಕೋನ ಸೊನ್ನೆ! ಓಡುತ್ತಿರುವ ರೋಬೋಟಿಗೆ ‘ನೀನು ನೆಟ್ಟಗಿದ್ದೀಯ’ ಎಂದು ಅದು ಹೇಳುತ್ತಿರುತ್ತದೆ.

ಎರಡು ಸೆನ್ಸರ್‌ಗಳ ಲೆಕ್ಕವನ್ನು ಬೆರೆಸುವ ಕಾಂಪ್ಲಿಮೆಂಟರಿ ಫಿಲ್ಟರ್ ಬೇಕಾಗುವುದು ಇಲ್ಲಿಯೇ. ಎಂಪಿಯು-6050ರೊಳಗೇ ಇರುವ ಗೈರೋ, ಕೋನ ಬದಲಾಗುವ ವೇಗವನ್ನು ಹೇಳುತ್ತದೆ. ಅದನ್ನು ಕೂಡಿಸುತ್ತಾ ಹೋದರೆ ಕೋನ ಸಿಗುತ್ತದೆ, ಓಟದಿಂದ ಅದು ಕೆಡುವುದಿಲ್ಲ. ಆದರೆ ಸುಮ್ನೆ ಇಟ್ಟಿದ್ದರೂ ಅದು ಪೂರ್ತಿ ಸೊನ್ನೆ ತೋರಿಸದ ಕಾರಣ, ಕೂಡಿಸಿದ ಮೊತ್ತ ನಿಧಾನವಾಗಿ ಜಾರುತ್ತದೆ. ಆಕ್ಸಿಲರೋಮೀಟರ್ ಜಾರುವುದಿಲ್ಲ, ಆದರೆ ಪ್ರತಿ ಕುಲುಕಿಗೂ ಸುಳ್ಳು ಹೇಳುತ್ತದೆ. ಆದ್ದರಿಂದ ಸ್ವಲ್ಪ ಹೊತ್ತಿನ ಲೆಕ್ಕಕ್ಕೆ ಗೈರೋ, ದೀರ್ಘ ಹೊತ್ತಿನ ಲೆಕ್ಕಕ್ಕೆ ಆಕ್ಸಿಲರೋಮೀಟರ್.

ಈ ‘ಸ್ವಲ್ಪ ಹೊತ್ತು’ ಎಷ್ಟು ಎನ್ನುವುದನ್ನು ಫಿಲ್ಟರಿನಲ್ಲಿ ಗೈರೋಗೆ ಕೊಡುವ ಪಾಲು, ಅಂದರೆ ನೀವು ಎಲ್ಲಿಂದಲೋ ನಕಲು ಮಾಡಿರಬಹುದಾದ 0.98, ತೀರ್ಮಾನಿಸುತ್ತದೆ. ಅದೂ ಲೂಪಿನ ವೇಗದ ಜೊತೆ ಸೇರಿ. 5 ಮಿಲಿಸೆಕೆಂಡಿನ ಲೂಪಿನಲ್ಲಿ 0.98 ಎಂದರೆ 0.98 × 0.005 ÷ 0.02, ಸುಮಾರು ಕಾಲು ಸೆಕೆಂಡ್. ಅಷ್ಟು ಬೇಗ ಫಿಲ್ಟರ್ ಆಕ್ಸಿಲರೋಮೀಟರಿನ ಮಾತಿಗೆ ಮರುಳಾಗುತ್ತದೆ. 0.995 ಹಾಕಿದರೆ ಸುಮಾರು ಒಂದು ಸೆಕೆಂಡ್, ಇಂಥ ರೋಬೋಟಿಗೆ ಅದು ಹಿತ. ಹಾಗಂತ 0.999ಕ್ಕೆ ಹೋಗಬೇಡಿ. ಆಗ ಸಮಯ ಐದು ಸೆಕೆಂಡ್ ಆಗುತ್ತದೆ. ಗೈರೋದಲ್ಲಿ ಸೆಕೆಂಡಿಗೆ ಒಂದು ಡಿಗ್ರಿ ತಪ್ಪು ಉಳಿದಿದ್ದರೆ ಕೋನದಲ್ಲಿ ಐದು ಡಿಗ್ರಿ ತಪ್ಪು ಬರುತ್ತದೆ. ಒಂದು ಸೆಕೆಂಡಿನ ಫಿಲ್ಟರಿನಲ್ಲಿ ಅದೇ ತಪ್ಪು ಒಂದೇ ಡಿಗ್ರಿ.

ಫಿಲ್ಟರ್ ಸರಿ ಇದೆಯೇ ಎಂದು ನೋಡಲು ಮೋಟರ್ ಆಫ್ ಮಾಡಿ, ಕೋನವನ್ನು ಸೀರಿಯಲ್ ಪ್ಲಾಟರಿನಲ್ಲಿ ನೋಡಿ. ರೋಬೋಟನ್ನು ನೆಟ್ಟಗೆ ಹಿಡಿದು ಮೇಜಿನ ಮೇಲೆ ಹಿಂದೆ ಮುಂದೆ ಜರುಗಿಸಿ. ಗೆರೆ ಒಂದೆರಡು ಡಿಗ್ರಿಗಿಂತ ಜಾಸ್ತಿ ಕುಣಿದರೆ ಆಕ್ಸಿಲರೋಮೀಟರಿಗೆ ಹೆಚ್ಚು ಬೆಲೆ ಕೊಟ್ಟಿದ್ದೀರಿ. ಆಮೇಲೆ ರೋಬೋಟನ್ನು ಪಟ್ಟನೆ ಮುಂದಕ್ಕೆ ಬಗ್ಗಿಸಿ ಹಾಗೇ ಹಿಡಿದುಕೊಳ್ಳಿ. ಗೆರೆ ಮೊದಲು ಉಲ್ಟಾ ದಿಕ್ಕಿಗೆ ಹೋಗಿ ಆಮೇಲೆ ತಿರುಗಿ ಬಂದರೆ ಗೈರೋದ ಚಿಹ್ನೆ ತಪ್ಪು. ಈ ಒಂದು ಮೈನಸ್ ಚಿಹ್ನೆಯಿಂದ ಎಷ್ಟೋ ಜನ ವಾರಗಟ್ಟಲೆ ಪಿಐಡಿ ಜೊತೆ ಗುದ್ದಾಡುತ್ತಾರೆ.

ಆದರೆ ಎಷ್ಟೇ ಒಳ್ಳೆಯ ಫಿಲ್ಟರ್ ಇದ್ದರೂ ಓಟ ನಿಲ್ಲುವುದಿಲ್ಲ. ಅದು ಚಕ್ರಕ್ಕೆ ಮಾತ್ರ ಗೊತ್ತಿರುವ ಸಂಗತಿ. ಚಕ್ರ ಎಷ್ಟು ತಿರುಗಿತು ಎಂದು ಎಣಿಸುವ ಎನ್‌ಕೋಡರ್ ನಿಮ್ಮಲ್ಲಿ ಆಗಲೇ ಇದೆ, ಅದನ್ನು ಬಳಸಿ ಹೊರಗೆ ಇನ್ನೊಂದು ಲೂಪ್ ಹಾಕಬೇಕು. ಈ ಹೊರಗಿನ ಲೂಪ್ ಮೋಟರನ್ನು ಮುಟ್ಟುವುದಿಲ್ಲ. ವೇಗ ನೋಡಿ, ‘ಈಗ ಎಷ್ಟು ವಾಲಬೇಕು’ ಎಂದು ಒಳಗಿನ ಲೂಪಿಗೆ ಹೇಳುತ್ತದೆ, ಅಷ್ಟೇ.

```
// ಪ್ರತಿ 5 ms
accAngle = atan2(ax, az) * 57.3;
angle = 0.995 * (angle + gyro * 0.005) + 0.005 * accAngle;
pwm = Kp * (angle - targetAngle) + Kd * gyro;

// ಪ್ರತಿ 25 ms
err = targetSpeed - speed;
sum = constrain(sum + err * 0.025, -sumMax, sumMax);
targetAngle = constrain(Ks * err + Ki * sum, -5, 5);
```

ಮುಂದಕ್ಕೆ ವಾಲಿದರೆ `angle` ಮತ್ತು `gyro` ಪ್ಲಸ್, ಮುಂದಕ್ಕೆ ಹೋದರೆ `speed` ಪ್ಲಸ್ ಬರಬೇಕು. ಬೋರ್ಡ್ ಕೂರಿಸಿದ ದಿಕ್ಕಿಗೆ ತಕ್ಕಂತೆ ಚಿಹ್ನೆ ಸರಿಮಾಡಿಕೊಳ್ಳಿ. ಒಳಗಿನ ಲೂಪಿನಲ್ಲಿ ತಪ್ಪನ್ನು ಕೂಡಿಸುತ್ತಾ ಹೋಗುವ ಪಿಐಡಿಯ ‘ಐ’ ಭಾಗ ಇಲ್ಲ, ಗಮನಿಸಿ. ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಆ ಕೆಲಸ ಈಗ ಹೊರಗಿನ `sum` ಮಾಡುತ್ತದೆ, ಅದೂ ಚೆನ್ನಾಗಿ. ರೋಬೋಟ್ ಮುಂದಕ್ಕೆ ಜಾರುತ್ತಿದ್ದಷ್ಟು ಹೊತ್ತೂ `sum` ಇಳಿಯುತ್ತದೆ, ಗುರಿ ಕೋನ ಹಿಂದಕ್ಕೆ ಸರಿಯುತ್ತದೆ. ಜಾರುವುದು ನಿಂತ ಕಡೆ ಅದೂ ನಿಲ್ಲುತ್ತದೆ. ನಾವು ಕೈಯಾರೆ ಹುಡುಕುತ್ತಿದ್ದ ಆ ಒಂದು ಡಿಗ್ರಿಯನ್ನು ರೋಬೋಟ್ ತಾನೇ ಹುಡುಕಿಕೊಂಡಿತು. ಬ್ಯಾಟರಿ ಸರಿದರೂ, ಗೈರೋ ಬಿಸಿಯಾಗಿ ಸ್ವಲ್ಪ ಬದಲಾದರೂ ಮತ್ತೆ ಹುಡುಕಿಕೊಳ್ಳುತ್ತದೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ರೋಬೋಟ್ ಮುಂದಕ್ಕೆ ಓಡುತ್ತಿದ್ದರೆ ನಿಲ್ಲಿಸಲು ಚಕ್ರವನ್ನು ಹಿಂದಕ್ಕೆ ತಿರುಗಿಸಬೇಕು ಅನ್ನಿಸುತ್ತದೆ. ಹಾಗೆ ಮಾಡಿದರೆ ಅದು ಮುಂದಕ್ಕೆ ಬೀಳುತ್ತದೆ. ಮೊದಲು ಚಕ್ರ ಇನ್ನೂ ಜೋರಾಗಿ ಮುಂದಕ್ಕೆ ಹೋಗಬೇಕು. ಆಗ ದೇಹ ಹಿಂದಕ್ಕೆ ವಾಲುತ್ತದೆ, ಆಮೇಲೆ ನಿಧಾನ ಮಾಡಬಹುದು. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡು ಮುಂದೆ ನಡೆಯಲು ಹೊರಟರೆ ಕೈ ಮೊದಲು ಒಂಚೂರು ಹಿಂದಕ್ಕೆ ಬರುತ್ತದಲ್ಲ, ಇದೂ ಅದೇ. ಮೇಲಿನ ಕೋಡಿನಲ್ಲಿ ವೇಗ ಜಾಸ್ತಿಯಾದಾಗ `targetAngle` ಮೈನಸ್ ಆಗುತ್ತದೆ, ಅದರಿಂದ ಮೋಟರಿಗೆ ಕೊಡುವ ಶಕ್ತಿ, ಅಂದರೆ `pwm`, ಹೆಚ್ಚುತ್ತದೆ. ನೋಡಿದರೆ ತಪ್ಪು ಅನ್ನಿಸುತ್ತದೆ, ಆದರೆ ಸರಿ ಇದೆ. ‘ಸರಿಮಾಡಲು’ ಹೋಗಬೇಡಿ.

ಹೀಗೆ ಮೊದಲು ಉಲ್ಟಾ ಹೋಗಬೇಕಾದ ಕಾರಣಕ್ಕೇ ಹೊರಗಿನ ಲೂಪ್ ನಿಧಾನವಾಗಿರಬೇಕು. ಅದು ಕೇಳಿದ ಕೋನಕ್ಕೆ ಒಳಗಿನ ಲೂಪ್ ತಲುಪುವ ಮುಂಚೆಯೇ ಮತ್ತೆ ಆಜ್ಞೆ ಬದಲಾದರೆ ಎರಡೂ ಜಗಳಕ್ಕೆ ಬೀಳುತ್ತವೆ. 25 ಮಿಲಿಸೆಕೆಂಡಿಗೆ ಇನ್ನೊಂದು ಲಾಭವೂ ಇದೆ. ಎನ್‌ಕೋಡರ್ ಮೋಟರಿನ ಒಂದು ಸುತ್ತಿಗೆ 11 ಪಲ್ಸ್ ಕೊಟ್ಟು, ಗೇರ್ 1:30 ಇದ್ದರೆ ಚಕ್ರದ ಒಂದು ಸುತ್ತಿಗೆ 330 ಎಣಿಕೆ, ಅಂದರೆ ಒಂದು ಎಣಿಕೆಗೆ 0.62 ಮಿಲಿಮೀಟರ್. 5 ಮಿಲಿಸೆಕೆಂಡಿನಲ್ಲಿ ಒಂದೇ ಎಣಿಕೆ ಬಂದರೂ ಅದು ಸೆಕೆಂಡಿಗೆ 124 ಮಿಲಿಮೀಟರ್ ವೇಗವಾಗಿ ಕಾಣುತ್ತದೆ, ತೀರಾ ಒರಟು. 25 ಮಿಲಿಸೆಕೆಂಡಿನಲ್ಲಿ ಆ ಮೆಟ್ಟಿಲು 25 ಮಿಲಿಮೀಟರಿಗೆ ಇಳಿಯುತ್ತದೆ.

ಟ್ಯೂನ್ ಮಾಡುವಾಗ ಮೊದಲು `targetAngle` ಸೊನ್ನೆಯಲ್ಲಿ ಕಟ್ಟಿಹಾಕಿ, ಒಳಗಿನ ಲೂಪ್ ಮಾತ್ರ ನೋಡಿ. ರೋಬೋಟ್ ಹಿಂದೆ ಮುಂದೆ ತೂಗಾಡುವವರೆಗೆ `Kp` ಏರಿಸಿ, ತೂಗಾಟ ಅಡಗುವವರೆಗೆ `Kd` ಏರಿಸಿ. ಮೋಟರ್ ಗಿರ್ ಎಂದು ನಡುಗಲು ಶುರುವಾದರೆ `Kd` ಜಾಸ್ತಿಯಾಯಿತು. ಹಳದಿ ಪ್ಲಾಸ್ಟಿಕ್ ಗೇರ್ ಮೋಟರ್ ಆದರೆ ಗೇರಿನ ಸಡಿಲದಿಂದ ಸ್ವಲ್ಪ ನಡುಕ ಉಳಿದೇ ಉಳಿಯುತ್ತದೆ, ಅದಕ್ಕೆ ಯಾವ ಗೇನೂ ಮದ್ದಲ್ಲ. ಈ ಹಂತದಲ್ಲಿ ರೋಬೋಟ್ ಓಡಿಹೋಗುತ್ತದೆ, ಓಡಲಿ, ಕೈಯಲ್ಲಿ ಹಿಡಿದುಕೊಳ್ಳಿ. ಆಮೇಲೆ `Ks` ಸೇರಿಸಿ. ಮೆಲ್ಲಗೆ ತಳ್ಳಿದರೆ ಸ್ವಲ್ಪ ದೂರ ಹೋಗಿ ನಿಧಾನವಾಗಬೇಕು. ಕೊನೆಗೆ `Ki`, ಸ್ವಲ್ಪವೇ. ಒಂದೆರಡು ಸೆಕೆಂಡಿಗೊಮ್ಮೆ ಹಿಂದೆ ಮುಂದೆ ದೊಡ್ಡದಾಗಿ ತೂಗುತ್ತಾ ಆ ತೂಗಾಟ ಬೆಳೆಯುತ್ತಿದ್ದರೆ ತಪ್ಪು ಹೊರಗಿನ ಲೂಪಿನದು, `Ki` ಇಳಿಸಿ. ಒಳಗಿನದಕ್ಕೆ ಕೈ ಹಾಕಬೇಡಿ.

ನಿಂತಲ್ಲೇ ನಿಲ್ಲಲು ಕಲಿತ ಮೇಲೆ ಓಡಿಸುವುದು ಸುಲಭ. `targetSpeed` ಬದಲಾಯಿಸಿದರೆ ಸಾಕು, ವಾಲಬೇಕಾದಷ್ಟು ಅದೇ ವಾಲುತ್ತದೆ. ಆದರೆ ಮೋಟರಿನ ಗರಿಷ್ಠ 0.68 ಇದ್ದರೆ 0.4ಕ್ಕಿಂತ ಜಾಸ್ತಿ ಕೇಳಬೇಡಿ, ಅದನ್ನೂ ಒಮ್ಮೆಲೇ ಕೊಡದೆ ಹಂತ ಹಂತವಾಗಿ ಏರಿಸಿ. ನಿಲ್ಲಿಸುವಾಗ ಚಕ್ರ ಮೊದಲು ಇನ್ನೂ ಜೋರಾಗಿ ಹೋಗಬೇಕು, ಅದಕ್ಕೆ ವೇಗ ಉಳಿದಿರಬೇಕು. ಬ್ಯಾಟರಿ ಇಳಿದಂತೆ ಆ ಗರಿಷ್ಠವೂ ಇಳಿಯುತ್ತದೆ. ಚಾರ್ಜ್ ಮಾಡಿದಾಗ ಚೆನ್ನಾಗಿ ಓಡಿದ್ದು ಅರ್ಧ ಗಂಟೆ ಆದಮೇಲೆ ನಿಲ್ಲಿಸುವಾಗ ಮಾತ್ರ ಮುಗ್ಗರಿಸುತ್ತಿದ್ದರೆ ಗೇನ್ ಮುಟ್ಟುವ ಮೊದಲು ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು ನೋಡಿ.