ದಿಂಬು ಮಂಡಿಯ ಕೆಳಗಲ್ಲ, ಹಿಮ್ಮಡಿಯ ಕೆಳಗೆ

ಮಂಡಿ ಬದಲಿ ಆಪರೇಷನ್ ಆದವರನ್ನು ನೋಡಲು ಹೋದಾಗ ನನ್ನ ಕಣ್ಣು ಮೊದಲು ಹೋಗೋದು ದಿಂಬಿನ ಕಡೆಗೆ. ಹೆಚ್ಚಿನವರು ಅದನ್ನು ಮಂಡಿಯ ಕೆಳಗೆ ಇಟ್ಟುಕೊಂಡಿರುತ್ತಾರೆ. ಹಾಗೆ ಮಲಗಿದರೆ ನೋವು ಕಡಿಮೆ, ನಿಜ. ಆದರೆ ಗಂಟೆಗಟ್ಟಲೆ ಕಾಲು ಬಾಗಿಯೇ ಇದ್ದರೆ ಮಂಡಿ ಅದೇ ಭಂಗಿಯಲ್ಲಿ ಬಿಗಿದುಕೊಳ್ಳುತ್ತದೆ, ಆಮೇಲೆ ಪೂರ್ತಿ ನೇರವಾಗುವುದಿಲ್ಲ. ದಿಂಬನ್ನು ಹಿಮ್ಮಡಿಯ ಕೆಳಗೆ ಸರಿಸಿ. ಮಂಡಿಯನ್ನು ಹಾಸಿಗೆಗೆ ಒತ್ತಿ, ತೊಡೆಯ ಮುಂಭಾಗ ಬಿಗಿ ಮಾಡಿ, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಮೂರು ಬಾರಿ.

ಮಡಚುವುದಕ್ಕೆ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳಿ. ಎರಡು ವಾರದ ಹೊತ್ತಿಗೆ 90 ಡಿಗ್ರಿ ಬಂದರೆ ಚೆನ್ನಾಗಿಯೇ ನಡೆಯುತ್ತಿದೆ ಎಂದರ್ಥ. ಬಾಗುವುದು ನಿಧಾನವಾಗಿ ಹೆಚ್ಚುತ್ತಲೇ ಇರುತ್ತದೆ. ನೇರವಾಗದ ಮಂಡಿಯೇ ನನಗೆ ಜಾಸ್ತಿ ತಲೆನೋವು.

ಇನ್ನೊಂದು ವ್ಯಾಯಾಮವಿದೆ, ತೀರಾ ಸುಲಭ ಅಂತ ಜನ ಬಿಟ್ಟುಬಿಡುತ್ತಾರೆ. ಪಾದವನ್ನು ಮೇಲಕ್ಕೆ, ಕೆಳಕ್ಕೆ ಆಡಿಸುವುದು. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತಿಪ್ಪತ್ತು ಸಲ ಮಾಡಬೇಕು. ಮೀನಖಂಡ ಕುಗ್ಗಿದಾಗಲೆಲ್ಲ ರಕ್ತನಾಳಗಳಲ್ಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಆಪರೇಷನ್ ಆದ ಮೇಲೆ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ, ಜೊತೆಗೆ ಕಾಲೂ ಅಲ್ಲಾಡದಿದ್ದರೆ ಅಪಾಯ ಹೆಚ್ಚು. ಅದಕ್ಕೇ ಆಪರೇಷನ್ ದಿನವೋ ಮಾರನೇ ದಿನವೋ ವಾಕರ್ ಹಿಡಿಸಿ ನಡೆಸುತ್ತೇವೆ. ಆದರೆ ಕಾಲಾಡಿಸಿದ ಮಾತ್ರಕ್ಕೆ ಸಾಲದು, ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಯೋ ಇಂಜೆಕ್ಷನ್ನೋ ಬೇಕೇ ಬೇಕು. ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ರಿವರಾಕ್ಸಬಾನ್ ಥರದ್ದು. ಸಾಮಾನ್ಯವಾಗಿ ಎರಡರಿಂದ ಐದು ವಾರ.

ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಹೊಟ್ಟೆ ಉರಿ ಅಂತ ಆರನೇ ದಿನಕ್ಕೇ ಮಾತ್ರೆ ನಿಲ್ಲಿಸಿದ್ದರು, ಯಾರಿಗೂ ಹೇಳಿರಲಿಲ್ಲ. ಹತ್ತನೇ ದಿನ ಮೀನಖಂಡ ಗಟ್ಟಿಯಾಗಿತ್ತು, ಒತ್ತಿದರೆ ನೋವು. ಮಂಡಿ ಆಪರೇಷನ್ ಆದ ಕಾಲು ಊದಿಕೊಳ್ಳುವುದು ಸಹಜವೇ ಅಲ್ವಾ? ಹೌದು, ಆದರೆ ಆ ಊತ ರಾತ್ರಿ ಕಾಲು ಎತ್ತರಿಸಿ ಮಲಗಿದರೆ ಬೆಳಿಗ್ಗೆ ಸ್ವಲ್ಪವಾದರೂ ಇಳಿದಿರುತ್ತದೆ. ಇವರದ್ದು ಇಳಿದಿರಲಿಲ್ಲ. ಟೇಪ್ ಹಿಡಿದು ಎರಡೂ ಮೀನಖಂಡ ಅಳೆದೆ. ಹಿಂದಿನ ವಾರ ಒಂದು ಸೆಂಟಿಮೀಟರ್ ಇದ್ದ ವ್ಯತ್ಯಾಸ ಮೂರು ದಾಟಿತ್ತು. ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಪ್ಲರ್ ಸ್ಕ್ಯಾನ್‌ಗೆ ಕಳಿಸಿದೆ. ಹೆಪ್ಪು ಇತ್ತು. ಔಷಧಿ ಬದಲಾಯಿತು. ಡಾಕ್ಟರು ಒಪ್ಪಿದ ಮೇಲೆ ನಡಿಗೆ ಮತ್ತೆ ಶುರುವಾಯಿತು.

ಟೇಪ್ ಒಂದು ಸುಳಿವು ಕೊಡುತ್ತದೆ ಅಷ್ಟೇ, ಸ್ಕ್ಯಾನ್ ಆಗದೆ ಏನನ್ನೂ ಖಚಿತವಾಗಿ ಹೇಳಲಾಗದು. ಮಾತ್ರೆ ತಪ್ಪದೆ ತೆಗೆದುಕೊಂಡವರಿಗೂ ಕೆಲವೊಮ್ಮೆ ಹೆಪ್ಪು ಆಗುತ್ತದೆ. ಅನುಮಾನ ಬಂದಾಗ ಮೀನಖಂಡ ತಿಕ್ಕಬೇಡಿ. ಹೊಟ್ಟೆ ಉರಿಯೋ, ವಸಡಿನಲ್ಲಿ ರಕ್ತವೋ ಕಂಡರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಡಾಕ್ಟರಿಗೆ ಫೋನ್ ಮಾಡಿ. ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯನ್ನೂ ಕೇಳದೆ ಸೇರಿಸಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು. ಆಗ ಫೋನ್ ಮಾಡಿ ಸಲಹೆ ಕೇಳುತ್ತಾ ಕೂರದೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.