916 ಇದೆ ಅಂದ್ರೆ ಸಾಕಾ? ಒಡವೆ ಸೀಲ್ ಓದೋದು ಹೀಗೆ

ಹಾಸನದಲ್ಲಿ ಬ್ಯಾಂಕಲ್ಲಿ ಅಡ ಇಡೋಕೆ ಬರೋ ಚಿನ್ನ ಪರೀಕ್ಷೆ ಮಾಡೋ ಅಪ್ರೈಸರ್ ಕೆಲಸ ನಂದು. ಒಡವೆ ತಂದೋರು ಮೊದ್ಲು ಹೇಳೋದೇ "916 ಇದೆ ಸಾರ್, ನೋಡಿ" ಅಂತ. ಇರುತ್ತೆ, ಆದ್ರೆ ಬರೀ ಆ ನಂಬರು ಯಾರು ಬೇಕಾದ್ರೂ ಪಂಚ್ ಹೊಡೀಬಹುದು. "916 ಕೆಡಿಎಂ" ಅನ್ನೋದೂ ಹಾಲ್‌ಮಾರ್ಕ್ ಅಲ್ಲ, ಕೆಡಿಎಂ ಅಂದ್ರೆ ಬೆಸುಗೆಗೆ ಕ್ಯಾಡ್ಮಿಯಂ ಹಾಕಿದ್ದು ಅಂತ ಅಷ್ಟೆ.

2021ರ ಜುಲೈಯಿಂದ ಹೊಸ ಒಡವೆ ಮೇಲೆ ಮೂರು ಗುರುತು ಒಟ್ಟಿಗೆ ಇರಬೇಕು: ಗುಣಮಟ್ಟ ನೋಡೋ ಕೇಂದ್ರ ಸರ್ಕಾರದ ಸಂಸ್ಥೆ ಬಿಐಎಸ್‌ನ ತ್ರಿಕೋನದ ಲೋಗೋ, 22K916 ಥರ ಕ್ಯಾರೆಟ್ಟು, ಆಮೇಲೆ ಒಂದೊಂದು ಒಡವೆಗೂ ಬೇರೆ ಬೇರೆ ಇರೋ, ಅಕ್ಷರ-ಅಂಕಿ ಸೇರಿ ಆರು ಕ್ಯಾರೆಕ್ಟರಿನ ನಂಬರು, ಅಂದ್ರೆ ಎಚ್‌ಯುಐಡಿ. ಬರಿಗಣ್ಣಿಗೆ ಕಾಣಲ್ಲ, ಅಂಗಡೀಲಿ ಲೆನ್ಸ್ ಕೇಳಿ, ಕೊಡ್ತಾರೆ. 916 ಅಂದ್ರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, 18K750 ಅಂದ್ರೆ 750. ಅಂದ್ರೆ 20 ಗ್ರಾಂನ ಎರಡು ಸರ ಇದ್ರೆ ಒಂದರಲ್ಲಿ 18.32 ಗ್ರಾಂ ಅಸಲು ಚಿನ್ನ, ಇನ್ನೊಂದರಲ್ಲಿ 15 ಗ್ರಾಂ, ನೋಡೋಕೆ ಮಾತ್ರ ಎರಡೂ ಹಳದಿನೇ. ಕಲ್ಲಿನ ತೂಕ, ಅರಗು, ಮೇಕಿಂಗು, ಇದ್ಯಾವುದರ ಬಗ್ಗೆನೂ ಆ ಸೀಲು ಏನೂ ಹೇಳಲ್ಲ, ಅದಕ್ಕೆ ಬಿಲ್ಲಲ್ಲಿ ನೆಟ್ ತೂಕ ಬೇರೆ ಬರೆಸ್ಕೊಳ್ಳಿ.

ಅರಕಲಗೂಡು ಕಡೆ ಅಕ್ಕ ಒಬ್ರು 22K916 ಸೀಲಿನ 20 ಗ್ರಾಂ ಸರ ತಂದಿದ್ರು, ಮೂರೂ ಗುರುತು ನೀಟಾಗಿತ್ತು. ಮೊಬೈಲಲ್ಲಿ BIS Care ಆ್ಯಪ್ ತೆಗೆದು Verify HUID ಒಳಗೆ ಆ ಆರು ಕ್ಯಾರೆಕ್ಟರ್ ಹಾಕಿದ್ವಿ. ಅದ್ರಲ್ಲಿ ಅಂಗಡಿ ರಿಜಿಸ್ಟ್ರೇಷನ್, ಹಾಲ್‌ಮಾರ್ಕ್ ಹಾಕಿದ ಸೆಂಟರು, ತಾರೀಕು, ಕ್ಯಾರೆಟ್ಟು, ಒಡವೆ ಯಾವುದು ಅನ್ನೋದೂ ಬರುತ್ತೆ. ಇವರದ್ದಕ್ಕೆ ಬಂದಿದ್ದು ಉಂಗುರ! ಯಾರದ್ದೋ ಉಂಗುರದ ನಂಬರು ಸರಕ್ಕೆ ಕೆತ್ತಿದ್ದಾರೆ ಅಂತಾಯ್ತು. ನಂಬರು ಆ್ಯಪಲ್ಲಿ "ಇದೆ" ಅಂತ ಬಂದ ತಕ್ಷಣ ಖುಷಿಯಾಗಿ ಮುಚ್ಚೋರೇ ಜಾಸ್ತಿ, ಆ ಐಟಂ ಹೆಸರಿನ ಸಾಲು ಓದೋದೇ ಮುಖ್ಯ ಕಣ್ರೀ.

ಆಮೇಲೆ ಬಿಐಎಸ್ ಮಾನ್ಯತೆ ಇರೋ ಸೆಂಟರಿಗೆ ಕಳಿಸಿದ್ವಿ. ಎಕ್ಸ್‌ಆರ್‌ಎಫ್ ಮೆಷಿನ್ ಎಕ್ಸ್-ರೇ ಬಿಟ್ಟು ಮೇಲ್ಪದರ ಮಾತ್ರ ನೋಡುತ್ತೆ, ಮೇಲೆ ದಪ್ಪ ಪಾಲಿಶ್ ಇದ್ರೆ ಮೋಸ ಹೋಗುತ್ತೆ, ಅದಕ್ಕೆ ಚೂರು ಕತ್ತರಿಸಿ, ಅದನ್ನ ಕರಗಿಸಿ ಅಸಲು ಚಿನ್ನ ಎಷ್ಟು ಅಂತ ನೋಡೋ ಫೈರ್ ಅಸ್ಸೇ ಮಾಡ್ಸಿದ್ದು. ಬಂದಿದ್ದು 875. ಅಂದ್ರೆ 17.5 ಗ್ರಾಂ ಚಿನ್ನ, 0.82 ಗ್ರಾಂ ಕಡಿಮೆ. ಲೆಕ್ಕಕ್ಕೆ ಗ್ರಾಂಗೆ ಹತ್ತು ಸಾವಿರ ಅಂತ ಹಿಡಿದ್ರೂ 8,200 ರೂಪಾಯಿ ಹೋಯ್ತು.

ಅಸಲಿ ಹಾಲ್‌ಮಾರ್ಕ್ ಇದ್ದೂ ಹೀಗೆ ಕಡಿಮೆ ಬಂದ್ರೆ, 2018ರ ಬಿಐಎಸ್ ನಿಯಮದ ಪ್ರಕಾರ ಮಾರಿದೋರು ಕೊರತೆಯ ಎರಡರಷ್ಟು ಜೊತೆಗೆ ಟೆಸ್ಟಿಂಗ್ ಫೀಸೂ ಕೊಡಬೇಕು, ಇಲ್ಲಿ ಎರಡರಷ್ಟು ಅಂದ್ರೆ 16,400 ಆಗ್ತಿತ್ತು, ಫೀಸು ಬೇರೆ. ಇದು ನಕಲಿ ಸೀಲು, ಹಾಗಾಗಿ ಆ್ಯಪಲ್ಲೇ ಬಿಐಎಸ್‌ಗೆ ದೂರು ಕೊಡಿಸಿದೆ. ಪುಣ್ಯಕ್ಕೆ ಅಕ್ಕ ಪಕ್ಕಾ ಬಿಲ್ ಇಟ್ಕೊಂಡಿದ್ರು. ಬಿಳಿ ಚೀಟಿ ಎಸ್ಟಿಮೇಟ್ ಆಗಿದ್ರೆ ಅಂಗಡಿಯೋರು "ಈ ಸರ ನಮ್ಮದಲ್ಲ" ಅಂದುಬಿಡೋರು.